ಲಾಭ 9 ಕೋಟಿ, ಕೈಯಲ್ಲಿ ಕಾಸಿಲ್ಲ

ಪೀಣ್ಯದಲ್ಲಿ ಪಂಪ್‌ಸೆಟ್ ತಯಾರಿಸುವ ಒಂದು ಕಂಪನಿ ಇದೆ ಅಂದುಕೊಳ್ಳಿ. ಲೆಕ್ಕ ತೋರಿಸಲು ನಾನೇ ಕಟ್ಟಿಕೊಂಡ ಕಂಪನಿ ಇದು, ಹುಡುಕಿಕೊಂಡು ಹೋಗಬೇಡಿ. ಈ ವರ್ಷ ಅದರ ಮಾರಾಟ 80 ಕೋಟಿಯಿಂದ 100 ಕೋಟಿಗೆ ಏರಿದೆ. ತೆರಿಗೆ ಕಳೆದು 9 ಕೋಟಿ ಲಾಭ. ಷೇರುದಾರರಿಗೆ 1 ಕೋಟಿ ಡಿವಿಡೆಂಡ್ ಕೊಟ್ಟಿದ್ದಾರೆ. ಅದೇ ವರ್ಷ ಬ್ಯಾಂಕಿನ ಸಾಲ 7 ಕೋಟಿ ಜಾಸ್ತಿಯಾಗಿದೆ.

9 ಕೋಟಿ ಗಳಿಸಿದವರು 7 ಕೋಟಿ ಸಾಲ ಯಾಕೆ ಮಾಡಿದರು? ಇಲ್ಲಿ ಯಾರೂ ಕದ್ದಿಲ್ಲ, ಆಡಿಟರ್ ಸಹಿಯೂ ಸರಿಯಾಗಿದೆ. ಲಾಭದ ಲೆಕ್ಕ ಮತ್ತು ದುಡ್ಡಿನ ಲೆಕ್ಕ ಬೇರೆ ಬೇರೆ ನಿಯಮದ ಮೇಲೆ ನಡೆಯುತ್ತವೆ, ಅಷ್ಟೇ.

ಲಾಭದ ಲೆಕ್ಕದಲ್ಲಿ ಮಾಲು ಗಿರಾಕಿಯ ಕೈ ಸೇರಿದ ಕೂಡಲೇ ಮಾರಾಟ ಆಯಿತು ಎಂದು ಬರೆಯುತ್ತಾರೆ. ದುಡ್ಡು ಬಂತೋ ಇಲ್ಲವೋ ಎನ್ನುವುದು ಆಮೇಲಿನ ಮಾತು. ಮಾರ್ಚ್ 29ಕ್ಕೆ ಡೀಲರ್‌ಗೆ 500 ಪಂಪ್ ಕಳಿಸಿ ಬಿಲ್ ಹಾಕಿದರೆ ಆ ಮಾರಾಟವೂ ಅದರ ಲಾಭವೂ ಈ ವರ್ಷಕ್ಕೆ ಸೇರುತ್ತವೆ. ಡೀಲರ್ ಜೂನ್‌ನಲ್ಲಿ ಕೊಡಬಹುದು, ದೀಪಾವಳಿಗೆ ಕೊಡಬಹುದು. ಖರ್ಚಿನ ಕಡೆಯೂ ಹಾಗೆಯೇ. 10 ಕೋಟಿಯ ಯಂತ್ರ ತಂದರೆ 10 ಕೋಟಿಯೂ ಈ ವರ್ಷದ ಖರ್ಚಾಗುವುದಿಲ್ಲ. ಅದು ಹತ್ತು ವರ್ಷ ಓಡುತ್ತದೆ ಎಂದು ಲೆಕ್ಕ ಹಾಕಿ ವರ್ಷಕ್ಕೆ ಒಂದೊಂದು ಕೋಟಿಯನ್ನು ಸವಕಳಿ ಎಂದು ಕಳೆಯುತ್ತಾರೆ.

ಇದರಲ್ಲಿ ಮೋಸ ಏನಿಲ್ಲ. ನಿಜ ಹೇಳಬೇಕೆಂದರೆ, ಒಂದು ವರ್ಷದ ದುಡಿಮೆಯನ್ನು ಅಳೆಯಲು ಇದೇ ಒಳ್ಳೆಯ ದಾರಿ. ತೊಂದರೆ ಇರುವುದು ಬೇರೆ ಕಡೆ. ಇಲ್ಲಿ ಪ್ರತಿ ಹೆಜ್ಜೆಗೂ ಒಂದು ಊಹೆ ಬೇಕು. ಡೀಲರ್ ಕೊಟ್ಟೇ ಕೊಡುತ್ತಾನೆ ಎನ್ನುವುದು ಊಹೆ. ಯಂತ್ರ ಹತ್ತು ವರ್ಷ ಬಾಳುತ್ತದೆ ಎನ್ನುವುದೂ ಊಹೆ. ಗೋದಾಮಿನಲ್ಲಿರುವ ಮಾಲು ಕೊಂಡ ಬೆಲೆಗಾದರೂ ಹೋಗುತ್ತದೆ ಎನ್ನುವುದೂ ಊಹೆ. ಈ ಊಹೆಗಳನ್ನು ಮಾಡುವವರು ಕಂಪನಿಯ ಆಡಳಿತದವರು. ಅವರ ಬೋನಸ್ ಎಷ್ಟೋ ಸಲ ಅದೇ ಲಾಭದ ಮೇಲೆ ನಿಂತಿರುತ್ತದೆ.

ಈಗ ನಮ್ಮ ಪಂಪ್ ಕಂಪನಿಯ ದುಡ್ಡು ಎಲ್ಲಿ ಹೋಯಿತು ನೋಡೋಣ. ತೆರಿಗೆಗೆ ಮುಂಚಿನ ಲಾಭ 12 ಕೋಟಿ. ಅದರಲ್ಲಿ ಸವಕಳಿ ಎಂದು ಕಳೆದಿದ್ದ 4 ಕೋಟಿಯನ್ನು ವಾಪಸ್ ಸೇರಿಸಬೇಕು, ಯಾಕೆಂದರೆ ಆ ದುಡ್ಡು ಈ ವರ್ಷ ಹೊರಗೆ ಹೋಗಿಲ್ಲ. ಬಡ್ಡಿಯ 2 ಕೋಟಿಯನ್ನೂ ಸದ್ಯಕ್ಕೆ ವಾಪಸ್ ಸೇರಿಸುತ್ತಾರೆ. ನಮ್ಮ ದೇಶದ ಲೆಕ್ಕಪತ್ರ ನಿಯಮದಲ್ಲಿ ಅದನ್ನು ಮುಂದೆ ಸಾಲದ ಭಾಗದಲ್ಲಿ ತೋರಿಸಬೇಕು. ಒಟ್ಟು 18 ಕೋಟಿ ಆಯಿತು. ಇಲ್ಲಿಯವರೆಗೆ ಚೆನ್ನಾಗೇ ಇದೆ.

ಇನ್ನು ಕಳೆಯುವ ಸರದಿ. ಡೀಲರ್‌ಗಳಿಂದ ಬರಬೇಕಾದ ಬಾಕಿ ಹೋದ ವರ್ಷ 15 ಕೋಟಿ ಇತ್ತು, ಈಗ 27 ಕೋಟಿ. ಅಂದರೆ 12 ಕೋಟಿ ಡೀಲರ್‌ಗಳ ಹತ್ತಿರವೇ ಉಳಿದಿದೆ. ದಾಸ್ತಾನು 10 ಕೋಟಿಯಿಂದ 14 ಕೋಟಿಗೆ ಏರಿದೆ, ಅಲ್ಲಿ 4 ಕೋಟಿ ಕಬ್ಬಿಣ ಮತ್ತು ತಾಮ್ರದ ರೂಪದಲ್ಲಿ ಕೂತಿದೆ. ಕಚ್ಚಾ ಮಾಲು ಕೊಟ್ಟವರಿಗೆ ಇವರು ಉಳಿಸಿಕೊಂಡ ಬಾಕಿ 3 ಕೋಟಿ ಹೆಚ್ಚಾಗಿದೆ, ಅಷ್ಟು ದುಡ್ಡು ಸದ್ಯಕ್ಕೆ ಕೈಯಲ್ಲಿದೆ. ಎಲ್ಲ ಕೂಡಿ ಕಳೆದರೆ 18ರಲ್ಲಿ 5 ಕೋಟಿ ಉಳಿಯಿತು. 3 ಕೋಟಿ ತೆರಿಗೆ ಕಟ್ಟಿದರು. ವ್ಯವಹಾರದಿಂದ ನಿಜವಾಗಿ ಕೈಗೆ ಬಂದದ್ದು 2 ಕೋಟಿ. ಹೊಸ ಯಂತ್ರಗಳಿಗೆ 6 ಕೋಟಿ ಹೋಯಿತು. ಅಲ್ಲಿಗೆ ಲೆಕ್ಕ ಮೈನಸ್ 4 ಕೋಟಿ. ಫ್ರೀ ಕ್ಯಾಶ್ ಫ್ಲೋ ಎನ್ನುವುದು ಈ ಅಂಕಿಯೇ: ವ್ಯವಹಾರದಿಂದ ಬಂದ ನಗದಿನಲ್ಲಿ ಆಸ್ತಿಗೆ ಹಾಕಿದ ನಗದನ್ನು ಕಳೆದು ಉಳಿಯುವುದು. ಇದರ ಮೇಲೆ ಬಡ್ಡಿ 2 ಕೋಟಿ, ಡಿವಿಡೆಂಡ್ 1 ಕೋಟಿ. ಒಟ್ಟು 7 ಕೋಟಿ ಕೊರತೆ, ಅದನ್ನು ಬ್ಯಾಂಕ್ ತುಂಬಿತು. ಡಿವಿಡೆಂಡನ್ನೂ ಸಾಲ ಮಾಡಿಯೇ ಕೊಟ್ಟರು ಎಂದಾಯಿತು.

ಈ ಲೆಕ್ಕದಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಡೀಲರ್ ಬಾಕಿಯ ಮೇಲೆ. ಮಾರಾಟ ಶೇ 25ರಷ್ಟು ಏರಿದರೆ ಬಾಕಿಯೂ ಸುಮಾರು ಅಷ್ಟೇ ಏರಬೇಕು ತಾನೆ? ಇಲ್ಲಿ ಶೇ 80ರಷ್ಟು ಏರಿದೆ. ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ, ದುಡ್ಡು ವಸೂಲಾಗಲು ಎಷ್ಟು ದಿನ ಬೇಕು ಎಂದು ಗೊತ್ತಾಗುತ್ತದೆ. ಹೋದ ವರ್ಷ 68 ದಿನ ಇತ್ತು, ಈಗ 99 ದಿನ. ಒಂದು ತಿಂಗಳು ಹೆಚ್ಚಾಯಿತು. ಇದಕ್ಕೆ ಎರಡು ಕಾರಣ ಇರಬಹುದು. ಮಾರಾಟ ಏರಿಸಲು ಹೆಚ್ಚು ದಿನ ಸಾಲ ಕೊಟ್ಟಿರಬೇಕು. ಇಲ್ಲವೇ ಮಾರ್ಚ್ ಕೊನೆಯ ವಾರದಲ್ಲಿ ಡೀಲರ್ ಗೋದಾಮಿಗೆ ಬೇಡದ ಮಾಲನ್ನು ತುಂಬಿರಬೇಕು. ಎರಡನೆಯದಾದರೆ ಮುಂದಿನ ವರ್ಷದ ಮಾರಾಟವನ್ನು ಈ ವರ್ಷವೇ ತಿಂದು ಮುಗಿಸಿದ್ದಾರೆ, ಏಪ್ರಿಲ್‌ನಿಂದ ಆರ್ಡರ್ ಬರುವುದಿಲ್ಲ. ಲಾಭದ ಪಟ್ಟಿಯಲ್ಲಿ ಈ ಎರಡೂ ಒಂದೇ ಥರ ಕಾಣುತ್ತವೆ: 25 ಶೇಕಡಾ ಬೆಳವಣಿಗೆ, ಶಭಾಷ್.

ಇಲ್ಲಿ ಒಬ್ಬರು ಕೇಳಬಹುದು. ವ್ಯವಹಾರದಿಂದ ಬಂದ ನಗದು ನೋಡಿದರೆ ಸಾಕಲ್ವಾ, ಯಂತ್ರದ ಖರ್ಚನ್ನೂ ಕಳೆದು ‘ಫ್ರೀ’ ಎಷ್ಟು ಅಂತ ಯಾಕೆ ಹುಡುಕಬೇಕು? ಅದಕ್ಕೆ ಉತ್ತರ ಅಮೆರಿಕದ ವರ್ಲ್ಡ್‌ಕಾಮ್ ಕಥೆಯಲ್ಲಿದೆ.

ವರ್ಲ್ಡ್‌ಕಾಮ್ ದೊಡ್ಡ ಟೆಲಿಕಾಂ ಕಂಪನಿ. ಗಿರಾಕಿಗಳ ಕರೆಗಳನ್ನು ಬೇರೆ ಕಂಪನಿಗಳ ತಂತಿಗಳ ಮೂಲಕ ದಾಟಿಸಲು ಅದು ಬಾಡಿಗೆ ಕೊಡಬೇಕಿತ್ತು. ಇದಕ್ಕೆ ಲೈನ್ ಕಾಸ್ಟ್ ಎನ್ನುತ್ತಿದ್ದರು, ಕಂಪನಿಯ ಅತಿ ದೊಡ್ಡ ಖರ್ಚು ಇದೇ. 2000ದ ಹೊತ್ತಿಗೆ ಟೆಲಿಕಾಂ ಗುಳ್ಳೆ ಒಡೆಯಿತು. ಆದಾಯ ಸೊರಗಿತು, ಬಾಡಿಗೆಯ ಒಪ್ಪಂದಗಳು ಮಾತ್ರ ಹಾಗೆಯೇ ಉಳಿದವು. ಷೇರು ಪೇಟೆಯ ನಿರೀಕ್ಷೆಯೂ ಇಳಿಯಲಿಲ್ಲ. ಆಗ ಹಣಕಾಸು ಮುಖ್ಯಸ್ಥ ಸ್ಕಾಟ್ ಸಲಿವನ್ ತಂಡ ಒಂದು ಕೆಲಸ ಮಾಡಿತು. 2001ರ ಮೊದಲ ತ್ರೈಮಾಸಿಕದಿಂದ ಶುರುಮಾಡಿ, ಬಾಡಿಗೆಯ ಒಂದು ಭಾಗವನ್ನು ಖರ್ಚಿನ ಖಾತೆಯಿಂದ ತೆಗೆದು ಆಸ್ತಿಯ ಖಾತೆಗೆ ಹಾಕಿತು. ನೆಟ್‌ವರ್ಕ್ ಕಟ್ಟಲು ಹಾಕಿದ ಬಂಡವಾಳ ಎನ್ನುವಂತೆ!

ಇದರಿಂದ ಏನಾಗುತ್ತದೆ ಎಂದು ಸಣ್ಣ ಅಂಕಿಯಲ್ಲಿ ನೋಡಿ. 10 ಕೋಟಿ ಬಾಡಿಗೆಯನ್ನು ಹೀಗೆ ಸರಿಸಿದರು ಎನ್ನೋಣ. ತೆರಿಗೆಯ ಮಾತು ಬಿಡಿ. 10 ಕೋಟಿ ಖರ್ಚು ಮಾಯವಾಗಿ, ಹತ್ತು ವರ್ಷದ ಲೆಕ್ಕದಲ್ಲಿ 1 ಕೋಟಿ ಸವಕಳಿ ಬರುತ್ತದೆ. ಲಾಭ 9 ಕೋಟಿ ಏರಿತು. ವ್ಯವಹಾರದ ನಗದು ಏನಾಯಿತು? ಅದೂ ಏರಿತು, ಪೂರ್ತಿ 10 ಕೋಟಿ! ಯಾಕೆಂದರೆ ಆ ದುಡ್ಡು ಈಗ ನಗದು ಪಟ್ಟಿಯ ಎರಡನೆಯ ಭಾಗವಾದ ಹೂಡಿಕೆಯಲ್ಲಿ, ಆಸ್ತಿ ಕೊಂಡದ್ದು ಎಂಬ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಮಾತ್ರ ಏನೂ ಬದಲಾಗಿಲ್ಲ. ಮೇಲೆ 10 ಏರಿತು, ಕೆಳಗೆ 10 ಹೋಯಿತು. ಫ್ರೀ ಕ್ಯಾಶ್ ಫ್ಲೋ ಇದ್ದಲ್ಲೇ ಇದೆ. ದುಡ್ಡು ಹೊರಗೆ ಹೋದದ್ದು ನಿಜ, ಅದಕ್ಕೆ ಯಾವ ಹೆಸರು ಕೊಟ್ಟರೂ ಆ ಅಂಕಿ ಅಲುಗಾಡುವುದಿಲ್ಲ.

2001ರಲ್ಲಿ ವರ್ಲ್ಡ್‌ಕಾಮ್ ತೋರಿಸಿದ ಲಾಭ ಸುಮಾರು 140 ಕೋಟಿ ಡಾಲರ್. ವ್ಯವಹಾರದಿಂದ ಬಂದ ನಗದು ಸುಮಾರು 800 ಕೋಟಿ ಡಾಲರ್, ಇದು ಭರ್ಜರಿಯಾಗೇ ಇದೆ. ಆಸ್ತಿಗೆ ಹೋದದ್ದು ಸುಮಾರು 790 ಕೋಟಿ. ಉಳಿದದ್ದು ಅಂಥ ಕಂಪನಿಗೆ ಚಿಲ್ಲರೆ. ಕಂಪನಿಯ ಒಳಗಿನ ಆಡಿಟ್ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ತಂಡ ಈ ನಮೂದುಗಳನ್ನು ಬೆನ್ನುಹತ್ತಿತು. 2002ರ ಜೂನ್‌ನಲ್ಲಿ ಕಂಪನಿ ಒಪ್ಪಿಕೊಂಡಿತು: ಐದು ತ್ರೈಮಾಸಿಕಗಳಲ್ಲಿ ಸುಮಾರು 385 ಕೋಟಿ ಡಾಲರ್ ಹೀಗೆ ಸರಿದಿತ್ತು, ಅದರಲ್ಲಿ 305 ಕೋಟಿ 2001ರದ್ದೇ. ಆ ವರ್ಷ ನಿಜಕ್ಕೂ ಆದದ್ದು ನಷ್ಟ. ಮುಂದಿನ ತಿಂಗಳೇ ಕಂಪನಿ ದಿವಾಳಿ ಅರ್ಜಿ ಹಾಕಿತು, ಅಲ್ಲಿಯವರೆಗೆ ಅಮೆರಿಕದಲ್ಲಿ ಅಷ್ಟು ದೊಡ್ಡ ದಿವಾಳಿ ಆಗಿರಲಿಲ್ಲ.

ಹಾಗಂತ ಫ್ರೀ ಕ್ಯಾಶ್ ಫ್ಲೋ ಒಂದನ್ನೇ ನೋಡಿ ಹೊರಗಿನವರು ಈ ಮೋಸವನ್ನು ಹಿಡಿಯಬಹುದಿತ್ತು ಎಂದು ನಾನು ಹೇಳುವುದಿಲ್ಲ. ನೆಟ್‌ವರ್ಕ್ ಕಟ್ಟುತ್ತಿದ್ದೇವೆ ಎಂದು ಆಗ ಎಲ್ಲ ಟೆಲಿಕಾಂ ಕಂಪನಿಗಳೂ ದುಡ್ಡು ಸುರಿಯುತ್ತಿದ್ದವು. ಇನ್ನೊಂದು ಸುಳಿವು ಇತ್ತು. ಉದ್ಯಮವೆಲ್ಲ ಕುಸಿಯುತ್ತಿದ್ದರೂ ವರ್ಲ್ಡ್‌ಕಾಮ್‌ನಲ್ಲಿ ಆದಾಯಕ್ಕೆ ಹೋಲಿಸಿದ ಲೈನ್ ಕಾಸ್ಟ್ ಸುಮಾರು ಶೇ 42ರಲ್ಲೇ ನಿಂತಿತ್ತು. ಪಕ್ಕದವರಿಗೆಲ್ಲ ಜ್ವರ ಬಂದಿರುವಾಗ ಒಬ್ಬನ ಮೈ ಮಾತ್ರ ತಣ್ಣಗಿದ್ದರೆ ಅನುಮಾನ ಬರಬೇಕಲ್ಲ. ಲಾಭ ನಯವಾಗಿ ಏರುತ್ತಾ, ಆಸ್ತಿಯ ಖರ್ಚು ಸವಕಳಿಗಿಂತ ತುಂಬಾ ಹೆಚ್ಚಿದ್ದು, ಆ ಆಸ್ತಿಯಿಂದ ಮಾರಾಟ ಮಾತ್ರ ಏರದಿದ್ದರೆ ನಿಂತು ನೋಡಬೇಕು.

ಇಂಥ ಮೋಸಗಳು ಅಪರೂಪ. ಸಾಮಾನ್ಯ, ಪ್ರಾಮಾಣಿಕ ಕಂಪನಿಗಳಲ್ಲೂ ನಗದಿಗೆ ಹೆಚ್ಚು ತೂಕ ಕೊಡಬೇಕೆ? ಅಮೆರಿಕದ ಅಕೌಂಟಿಂಗ್ ಪ್ರೊಫೆಸರ್ ರಿಚರ್ಡ್ ಸ್ಲೋನ್ 1996ರಲ್ಲಿ ಇದನ್ನೇ ಪರೀಕ್ಷಿಸಿದರು. 1962ರಿಂದ 1991ರವರೆಗಿನ ಕಂಪನಿಗಳ ಲಾಭವನ್ನು ಅವರು ಎರಡು ತುಂಡು ಮಾಡಿದರು. ಒಂದು, ನಗದಾಗಿ ಬಂದ ಲಾಭ. ಇನ್ನೊಂದು, ಬಾಕಿ, ದಾಸ್ತಾನು ಇತ್ಯಾದಿ ಊಹೆಗಳಲ್ಲಿ ಕೂತ ಲಾಭ. ನಗದಿನ ತುಂಡು ಮುಂದಿನ ವರ್ಷವೂ ಹೆಚ್ಚು ಉಳಿಯುತ್ತಿತ್ತು, ಊಹೆಯ ತುಂಡು ಬೇಗ ಕರಗುತ್ತಿತ್ತು. ಷೇರಿನ ಬೆಲೆ ಮಾತ್ರ ಈ ವ್ಯತ್ಯಾಸವನ್ನು ಗಮನಿಸಿದಂತೆ ಇರಲಿಲ್ಲ. ಊಹೆ ಕಡಿಮೆ ಇದ್ದ ಷೇರುಗಳನ್ನು ಕೊಂಡು, ಜಾಸ್ತಿ ಇದ್ದವನ್ನು ಮಾರಿದ್ದರೆ ಮುಂದಿನ ವರ್ಷ ಸುಮಾರು ಶೇ 10ರಷ್ಟು ಹೆಚ್ಚುವರಿ ಪ್ರತಿಫಲ ಸಿಗುತ್ತಿತ್ತು ಎಂದು ಅವರು ಲೆಕ್ಕ ಹಾಕಿದರು. ಇದು ಗೊತ್ತಾದ ಮೇಲೆ ದೊಡ್ಡ ಫಂಡ್‌ಗಳು ಅದೇ ತಂತ್ರ ಹಿಡಿದವು, ಪ್ರತಿಫಲವೂ ಸವೆಯಿತು. ಅದು ಮಾರುಕಟ್ಟೆಯ ಸ್ವಭಾವ.

ಇನ್ನೊಂದು ಕಡೆಯನ್ನೂ ಹೇಳಬೇಕು. ಫ್ರೀ ಕ್ಯಾಶ್ ಫ್ಲೋ ಮೈನಸ್ ಇದ್ದರೆ ಕಂಪನಿ ಕೆಟ್ಟದ್ದು ಎಂದು ಓಡಿಹೋದರೆ ಒಳ್ಳೆಯ ಕಂಪನಿಗಳೂ ಕೈತಪ್ಪುತ್ತವೆ. ಅಮೆಜಾನ್ 2021ರಲ್ಲಿ ಸುಮಾರು 3,340 ಕೋಟಿ ಡಾಲರ್ ಲಾಭ ತೋರಿಸಿತು. ಅದರ ಫ್ರೀ ಕ್ಯಾಶ್ ಫ್ಲೋ ಮೈನಸ್ 910 ಕೋಟಿ! ಇದಕ್ಕೆ ಎರಡು ದೊಡ್ಡ ಕಾರಣ. ಲಾಭದಲ್ಲಿ ಸುಮಾರು 1,180 ಕೋಟಿ ಡಾಲರ್, ರಿವಿಯನ್ ಎಂಬ ಎಲೆಕ್ಟ್ರಿಕ್ ವಾಹನ ಕಂಪನಿಯಲ್ಲಿ ಅಮೆಜಾನ್ ಹೊಂದಿದ್ದ ಷೇರುಗಳ ಬೆಲೆ ಏರಿದ್ದು. ಬರೀ ಕಾಗದದ ಲಾಭ, ಮುಂದಿನ ವರ್ಷ ಅದು ನಷ್ಟವಾಗಿ ತಿರುಗಿತು. ಎರಡನೆಯ ಕಾರಣ ಮಾತ್ರ ಬೇರೆ ಜಾತಿಯದ್ದು. ಕೋವಿಡ್ ಕಾಲದಲ್ಲಿ ಬೇಡಿಕೆ ಏರಿ, ಕಂಪನಿ ಗೋದಾಮು ಮತ್ತು ಡೇಟಾ ಸೆಂಟರ್‌ಗಳ ಮೇಲೆ ಸಿಕ್ಕಾಪಟ್ಟೆ ಖರ್ಚು ಮಾಡಿತ್ತು. ಕಟ್ಟುವ ಆತುರ ಇಳಿದು ವ್ಯವಹಾರದ ನಗದು ಚೇತರಿಸಿಕೊಂಡಾಗ, 2023ರಲ್ಲಿ, ಅದೇ ಅಂಕಿ ಸುಮಾರು 3,680 ಕೋಟಿ ಡಾಲರ್ ಪ್ಲಸ್ ಆಯಿತು. ಒಂದು ವರ್ಷದ ನಗದು ನೋಡಿ ತೀರ್ಪು ಕೊಡುವುದು, ಒಂದು ವರ್ಷದ ಲಾಭ ನೋಡಿ ಕೊಡುವಷ್ಟೇ ಅಪಾಯ. ಐದೋ ಹತ್ತೋ ವರ್ಷದ ಲಾಭವನ್ನೆಲ್ಲ ಕೂಡಿ, ಅದೇ ಅವಧಿಯ ಫ್ರೀ ಕ್ಯಾಶ್ ಫ್ಲೋವನ್ನೂ ಕೂಡಿ, ಪಕ್ಕಪಕ್ಕ ಇಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ.

ಆಸ್ತಿಯ ಖರ್ಚಿನಲ್ಲಿ ಎಷ್ಟು ಇದ್ದದ್ದನ್ನು ಉಳಿಸಿಕೊಳ್ಳಲು, ಎಷ್ಟು ಬೆಳೆಯಲು ಎಂದು ಬಿಡಿಸುವುದು ಕಷ್ಟ. ವಾರನ್ ಬಫೆಟ್ 1986ರ ವರ್ಷದ ಪತ್ರದಲ್ಲಿ ಮಾಲೀಕನ ಗಳಿಕೆ ಎಂಬ ಲೆಕ್ಕ ಕೊಟ್ಟರು. ಅದರಲ್ಲಿ ಅವರು ಕಳೆದದ್ದು ಪೈಪೋಟಿಯಲ್ಲಿ ಇದ್ದ ಸ್ಥಾನವನ್ನೂ ಇದ್ದ ಮಾರಾಟವನ್ನೂ ಉಳಿಸಿಕೊಳ್ಳಲು ಬೇಕಾದ ಖರ್ಚನ್ನು ಮಾತ್ರ. ಅದೂ ಅಂದಾಜೇ ಎಂದು ಅವರೇ ಒಪ್ಪಿದ್ದಾರೆ. ಹೊರಗಿನಿಂದ ನೋಡುವ ನಮಗೆ ಸವಕಳಿಯೇ ಒರಟು ಅಳತೆ. ಯಂತ್ರದ ಬೆಲೆ ಏರುತ್ತಾ ಇರುವ ಕಾಲದಲ್ಲಿ ಅದು ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ನಮ್ಮ ಪಂಪ್ ಕಂಪನಿಗೆ ಇದನ್ನು ಹಾಕಿ ನೋಡಿ. 6 ಕೋಟಿಯಲ್ಲಿ 4 ಕೋಟಿ ಉಳಿಸಿಕೊಳ್ಳಲು, 2 ಕೋಟಿ ಬೆಳೆಯಲು ಎಂದು ಒಪ್ಪೋಣ. ವ್ಯವಹಾರದ ನಗದು 2 ಕೋಟಿ, ಅದರಲ್ಲಿ 4 ಹೋದರೆ ಮತ್ತೆ ಮೈನಸ್ 2. ಬೆಳೆಯುತ್ತಿದ್ದೇವೆ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ರೋಗ ಇರುವುದು ಯಂತ್ರದಲ್ಲಲ್ಲ, ಡೀಲರ್ ಬಾಕಿಯಲ್ಲಿ.

ಈ ಅಂಕಿಗಳನ್ನು ಹುಡುಕುವುದು ಕಷ್ಟವಲ್ಲ. ವಾರ್ಷಿಕ ವರದಿಯಲ್ಲಿ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಎಂಬ ಪುಟ ಇರುತ್ತದೆ, ಮೂರು ಭಾಗದಲ್ಲಿ: ವ್ಯವಹಾರದ್ದು, ಹೂಡಿಕೆಯದ್ದು, ಹಣ ಹೊಂದಿಸಿದ್ದು. ಮೊದಲ ಭಾಗದ ಕೊನೆಯ ಸಾಲನ್ನೂ, ಎರಡನೆಯ ಭಾಗದಲ್ಲಿ ಆಸ್ತಿ ಕೊಂಡ ಸಾಲನ್ನೂ ತೆಗೆದುಕೊಂಡರೆ ಮುಗಿಯಿತು. ಒಂದು ಎಚ್ಚರ ಬೇಕು. ನಮ್ಮಲ್ಲಿ ಲಿಸ್ಟೆಡ್ ಕಂಪನಿಗಳು ಲಾಭವನ್ನು ಮೂರು ತಿಂಗಳಿಗೊಮ್ಮೆ ಹೇಳಬೇಕು, ನಗದಿನ ಲೆಕ್ಕವನ್ನು ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಟಿವಿಯಲ್ಲಿ ತ್ರೈಮಾಸಿಕ ಫಲಿತಾಂಶದ ಗಲಾಟೆಯೆಲ್ಲ ಲಾಭದ್ದೇ ಆಗಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಎಚ್ಚರ, ಅಂಗಡಿಗಳನ್ನು ಬಾಡಿಗೆಗೆ ಹಿಡಿದು ನಡೆಸುವ ಕಂಪನಿಗಳದ್ದು. 2019ರ ಏಪ್ರಿಲ್‌ನಿಂದ ಜಾರಿಯಾದ ನಿಯಮದ ಪ್ರಕಾರ ದೀರ್ಘಾವಧಿ ಬಾಡಿಗೆ ಮೂರನೆಯ ಭಾಗಕ್ಕೆ ಹೋಗಿದೆ, ಸಾಲ ತೀರಿಸಿದಂತೆ. ಮೊದಲ ಭಾಗ ಅಷ್ಟರ ಮಟ್ಟಿಗೆ ಉಬ್ಬಿದೆ. ಅಲ್ಲಿ ಆ ಬಾಡಿಗೆಯನ್ನೂ ನೀವೇ ಕಳೆಯಬೇಕು.

ನಗದನ್ನೂ ಸಿಂಗರಿಸಬಹುದು. ಮಾರ್ಚ್‌ನಲ್ಲಿ ಪೂರೈಕೆದಾರರಿಗೆ ಕೊಡಬೇಕಾದ್ದನ್ನು ಏಪ್ರಿಲ್‌ಗೆ ತಳ್ಳಿದರೆ ವರ್ಷದ ಕೊನೆಗೆ ಕೈ ತುಂಬಿದಂತೆ ಕಾಣುತ್ತದೆ. ಡೀಲರ್ ಬಾಕಿಯ ಬಿಲ್ಲುಗಳನ್ನು ಬ್ಯಾಂಕಿಗೆ ಸ್ವಲ್ಪ ಕಡಿಮೆಗೆ ಮಾರಿ ಇವತ್ತೇ ದುಡ್ಡು ಎತ್ತಬಹುದು. ಇವು ಒಂದು ವರ್ಷ ನಡೆಯುತ್ತವೆ, ಮುಂದಿನ ವರ್ಷ ಲೆಕ್ಕ ತಿರುಗಿ ಬರುತ್ತದೆ. ಹಾಗಾಗಿ ಬಹುವರ್ಷದ ಮೊತ್ತಕ್ಕೆ ಇವು ಹೆಚ್ಚು ಮೋಸ ಮಾಡಲಾರವು.

ದುಡ್ಡೇ ಇಲ್ಲದೆ ಇದೆ ಎಂದು ಬರೆದರೆ ಮಾತ್ರ ಕಥೆ ಬೇರೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ತಪ್ಪೊಪ್ಪಿಗೆಯ ಪತ್ರ ಬರೆದರು. ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದರು. ಅಲ್ಲಿ ಸುಳ್ಳಾಗಿದ್ದದ್ದು ನಗದಿನ ಅಂಕಿಯೇ. ಬ್ಯಾಂಕಿನ ದಾಖಲೆಯನ್ನೇ ನಕಲಿ ಮಾಡಿದವರ ಮುಂದೆ ನಮ್ಮ ಕೂಡು-ಕಳೆ ಏನೂ ಮಾಡದು. ಆದರೂ ಕೇಳಬಹುದಾದ ಒಂದು ಪ್ರಶ್ನೆ ಇದೆ: ಈ ದುಡ್ಡು ಯಾವತ್ತಾದರೂ ಕಂಪನಿಯಿಂದ ಹೊರಗೆ ಬಂದಿದೆಯೇ? ನಿಜವಾದ ದುಡ್ಡು ಡಿವಿಡೆಂಡ್ ಆಗಿ, ಷೇರು ಬೈಬ್ಯಾಕ್ ಆಗಿ, ಸಾಲ ತೀರಿಸಿದ್ದಾಗಿ ಹೊರಗಿನವರ ಕೈ ಸೇರುತ್ತದೆ. ಬರೀ ಗುಡ್ಡೆಯಾಗುತ್ತಲೇ ಇರುವ ನಗದು, ಅದೂ ಸಾಲದ ಪಕ್ಕದಲ್ಲೇ ಕೂತ ನಗದು, ನನಗಂತೂ ಹಿಡಿಸುವುದಿಲ್ಲ. ಸತ್ಯಂ 2008ರ ಡಿಸೆಂಬರ್‌ನಲ್ಲಿ ರಾಜು ಕುಟುಂಬದ ನಂಟಿದ್ದ ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟು ಹೂಡಿಕೆದಾರರ ಸಿಟ್ಟಿಗೆ ಹಿಂದೆ ಸರಿದಿತ್ತು. ಇಲ್ಲದ ನಗದಿನ ಜಾಗದಲ್ಲಿ ನಿಜವಾದ ಆಸ್ತಿ ಕೂರಿಸುವ ಕೊನೆಯ ಯತ್ನ ಅದು ಎಂದು ರಾಜು ಅದೇ ಪತ್ರದಲ್ಲಿ ಬರೆದರು.

ಬ್ಯಾಂಕು, ಫೈನಾನ್ಸ್ ಕಂಪನಿ ಮತ್ತು ವಿಮಾ ಕಂಪನಿಗಳಿಗೆ ಇದ್ಯಾವುದನ್ನೂ ಹಾಕಲು ಹೋಗಬೇಡಿ. ಅವರಿಗೆ ದುಡ್ಡೇ ಸರಕು. ಬ್ಯಾಂಕ್ ಹೊಸ ಸಾಲ ಕೊಟ್ಟಷ್ಟೂ ವ್ಯವಹಾರದ ನಗದು ಮೈನಸ್ ಆಗುತ್ತದೆ, ಠೇವಣಿ ಬಂದಷ್ಟೂ ಪ್ಲಸ್. ಅಲ್ಲಿ ನೋಡಬೇಕಾದ್ದು ವಸೂಲಾಗದ ಸಾಲ ಎಷ್ಟು, ಅದಕ್ಕೆ ತೆಗೆದಿಟ್ಟದ್ದು ಎಷ್ಟು, ಸ್ವಂತ ಬಂಡವಾಳ ಎಷ್ಟು ಎನ್ನುವುದನ್ನು.